ಯೋಗ, ನಡಿಗೆ ಶುರು ಮಾಡಿದ ಮೇಲೆ ಎಲ್‌ಡಿಎಲ್ ಏರಿದ್ದೇಕೆ?

ಪ್ರಶ್ನೆ: ವಯಸ್ಸು 47. ಶುಗರ್ ಇಲ್ಲ. 3 ತಿಂಗಳಿಂದ ಬೆಳಿಗ್ಗೆ ಅರ್ಧ ಗಂಟೆ ಆಸನ, ಕಾಲು ಗಂಟೆ ಪ್ರಾಣಾಯಾಮ ಮಾಡ್ತಿದ್ದೀನಿ, ದಿನಕ್ಕೆ 8,000 ಹೆಜ್ಜೆ ಆಗುತ್ತೆ. ಊಟ, ತೂಕ ಹಾಗೇ ಇದೆ. ಮೊದಲು ಟೋಟಲ್ ಕೊಲೆಸ್ಟ್ರಾಲ್ 224, ಟ್ರೈಗ್ಲಿಸರೈಡ್ 240, ಎಚ್‌ಡಿಎಲ್ 36, ಎಲ್‌ಡಿಎಲ್ 140 ಇತ್ತು. ಈಗ 218, 180, 37, 145. ಎಲ್‌ಡಿಎಲ್ ಜಾಸ್ತಿನೇ ಆಗಿದೆಯಲ್ಲ, ಇಷ್ಟೆಲ್ಲ ಮಾಡಿ ಏನು ಬಂತು?

ಉತ್ತರ:

ನಿಮ್ಮ ರಿಪೋರ್ಟು ಹದಗೆಟ್ಟಿಲ್ಲ, ಸ್ವಲ್ಪ ಸುಧಾರಿಸಿರುವ ಲಕ್ಷಣವೇ ಇದೆ. ಗೊಂದಲ ಹುಟ್ಟಿರುವುದು ಎಲ್‌ಡಿಎಲ್ ಅಂಕಿ ಬರುವ ರೀತಿಯಿಂದ. ನಮ್ಮಲ್ಲಿ ಬಹಳಷ್ಟು ಲ್ಯಾಬುಗಳು ಎಲ್‌ಡಿಎಲ್ ಅನ್ನು ಅಳೆಯುವುದೇ ಇಲ್ಲ, ಲೆಕ್ಕ ಹಾಕಿ ಬರೆಯುತ್ತವೆ. ಟೋಟಲ್‌ನಿಂದ ಎಚ್‌ಡಿಎಲ್ ಕಳೆದು, ಆಮೇಲೆ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನು ವಿಎಲ್‌ಡಿಎಲ್ ಎಂಬ ಇನ್ನೊಂದು ಬಗೆಯ ಕೊಲೆಸ್ಟ್ರಾಲ್ ಎಂದು ಹಿಡಿದು ಅದನ್ನೂ ಕಳೆಯುತ್ತಾರೆ. ನಿಮ್ಮ ಅಂಕಿಗಳನ್ನೇ ಹಾಕಿ ನೋಡಿ. ಮೊದಲಿನದು 224 − 36 − 48 = 140. ಈಗಿನದು 218 − 37 − 36 = 145. ಟ್ರೈಗ್ಲಿಸರೈಡ್ 60 ಇಳಿದದ್ದರಿಂದ ಕಳೆಯುವ ಮೊತ್ತ 12 ಕಡಿಮೆಯಾಯಿತು, ಟೋಟಲ್ ಮಾತ್ರ 6 ಇಳಿಯಿತು. ಉಳಿದ 6ರಲ್ಲಿ 1 ಎಚ್‌ಡಿಎಲ್‌ಗೆ ಹೋಯಿತು, 5 ಎಲ್‌ಡಿಎಲ್ ಲೆಕ್ಕಕ್ಕೆ ಜಮಾ ಆಯಿತು.

ಇನ್ನೊಂದು ಸಂಗತಿಯೂ ಇದೆ. ಟ್ರೈಗ್ಲಿಸರೈಡ್ ಹೆಚ್ಚಿದ್ದಾಗ ಈ ಸೂತ್ರ ವಿಎಲ್‌ಡಿಎಲ್ ಅನ್ನು ಜಾಸ್ತಿ ಅಂದಾಜು ಮಾಡಿ ಎಲ್‌ಡಿಎಲ್ ಅನ್ನು ಕಡಿಮೆ ತೋರಿಸುತ್ತದೆ. 400 ದಾಟಿದರೆ ಸೂತ್ರವನ್ನು ಬಳಸುವುದೇ ಇಲ್ಲ. ಹಾಗಾಗಿ 3 ತಿಂಗಳ ಹಿಂದಿನ 140 ನಿಜಕ್ಕೂ ಅದಕ್ಕಿಂತ ತುಸು ಹೆಚ್ಚೇ ಇದ್ದಿರಬಹುದು. ನೀವು ನೋಡಬೇಕಾದ ಅಂಕಿ ನಾನ್-ಎಚ್‌ಡಿಎಲ್, ಅಂದರೆ ಟೋಟಲ್‌ನಿಂದ ಎಚ್‌ಡಿಎಲ್ ಕಳೆದರೆ ಉಳಿಯುವುದು. ಇದರಲ್ಲಿ ಐದರಿಂದ ಭಾಗಿಸುವ ಅಂದಾಜಿನ ಕೆಲಸವಿಲ್ಲ. ನಿಮ್ಮದು 188 ಇದ್ದದ್ದು 181 ಆಗಿದೆ. ಸಣ್ಣ ಇಳಿಕೆ, ಆದರೆ ಇಳಿಕೆಯೇ.

ಆದರೂ ಈ ಇಳಿಕೆ ಪೂರ್ತಿ ನಿಮ್ಮ ಯೋಗದ್ದೇ ಎಂದು ನಾನು ಹೇಳಲಾರೆ. ಏನೂ ಬದಲಾಯಿಸದ ಮನುಷ್ಯನಲ್ಲೂ ಟ್ರೈಗ್ಲಿಸರೈಡ್ ಒಂದು ದಿನದಿಂದ ಇನ್ನೊಂದು ದಿನಕ್ಕೆ ಶೇಕಡಾ 20ರಷ್ಟು ಏರಿಳಿಯುವುದು ಸಾಮಾನ್ಯ. ಎಲ್‌ಡಿಎಲ್‌ನಲ್ಲಿ 5 ಅಂಕಿಯ ವ್ಯತ್ಯಾಸಕ್ಕಂತೂ ಅರ್ಥವೇ ಇಲ್ಲ. ಅದಕ್ಕೇ ಅದೇ ಲ್ಯಾಬಿನಲ್ಲಿ ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ, ಎರಡರ ಸರಾಸರಿ ನೋಡಿ. ಹಿಂದಿನ ರಾತ್ರಿ ಊಟವಾಗಿ 10–12 ಗಂಟೆ ಆಗಿರಲಿ, 3 ದಿನ ಮದ್ಯ ಬೇಡ, ರಕ್ತ ಕೊಡುವ ಮುನ್ನ ಕಾಲು ಗಂಟೆ ಸುಮ್ಮನೆ ಕುಳಿತಿರಿ. ಮಲಗಿದ್ದು ಕೊಟ್ಟ ರಕ್ತಕ್ಕೂ ನಿಂತಿದ್ದು ಕೊಟ್ಟ ರಕ್ತಕ್ಕೂ ಕೊಲೆಸ್ಟ್ರಾಲ್‌ನಲ್ಲಿ ಸುಮಾರು ಶೇಕಡಾ 10 ವ್ಯತ್ಯಾಸ ಬರಬಹುದು. ಇದನ್ನು ಲ್ಯಾಬಿನವರು ಯಾರೂ ಹೇಳುವುದಿಲ್ಲ.

ನಡಿಗೆಗೆ ಟ್ರೈಗ್ಲಿಸರೈಡೇ ಮೊದಲು ಬಗ್ಗುವುದಕ್ಕೆ ಕಾರಣವಿದೆ. ಕೆಲಸ ಮಾಡಿದ ಸ್ನಾಯುವಿನಲ್ಲಿ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಚುರುಕಾಗುತ್ತದೆ. ಅದು ರಕ್ತದಲ್ಲಿ ಹೋಗುತ್ತಿರುವ ಕೊಬ್ಬನ್ನು ಒಡೆದು ಸ್ನಾಯುವಿನೊಳಕ್ಕೆ ಎಳೆದುಕೊಳ್ಳುತ್ತದೆ. ಈ ಚುರುಕು ಒಂದು, ಹೆಚ್ಚೆಂದರೆ ಎರಡು ದಿನ ಉಳಿಯುತ್ತದೆ. ವಾರವೆಲ್ಲ ಸುಮ್ಮನಿದ್ದು ಭಾನುವಾರ 18,000 ಹೆಜ್ಜೆ ನಡೆದರೆ ಬುಧವಾರದ ಹೊತ್ತಿಗೆ ಅದರ ಫಲ ಹೆಚ್ಚುಕಡಿಮೆ ಮುಗಿದಿರುತ್ತದೆ. ಆದ್ದರಿಂದ ಎರಡು ದಿನ ಸತತವಾಗಿ ತಪ್ಪಿಸಬಾರದು ಎಂಬುದೊಂದೇ ನಿಯಮ ಇಟ್ಟುಕೊಂಡರೂ ಸಾಕು. ಎಲ್‌ಡಿಎಲ್ ಕಥೆ ಬೇರೆ. ಅದನ್ನು ರಕ್ತದಿಂದ ತೆಗೆಯುವುದು ಮುಖ್ಯವಾಗಿ ಯಕೃತ್ತಿನ ಕೆಲಸ, ನಡಿಗೆ ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ. ತೂಕ ಇಳಿಯದೆ ಬರೀ ನಡೆದವರಲ್ಲಿ ಎಲ್‌ಡಿಎಲ್ ಕೆಲವೇ ಅಂಕಿ ಇಳಿಯುತ್ತದೆ, ಕೆಲವರಲ್ಲಿ ಅದೂ ಇಲ್ಲ. ಎಚ್‌ಡಿಎಲ್ ಏರಿದರೆ 2–3 ಅಂಕಿ, ಅದಕ್ಕೂ ವಾರಕ್ಕೆ ಕನಿಷ್ಠ 120 ನಿಮಿಷದ ಚುರುಕಿನ ವ್ಯಾಯಾಮ ಬೇಕು.

ಈಗ ನಿಮ್ಮ 8,000 ಹೆಜ್ಜೆಯ ವಿಷಯ. 10,000 ಎಂಬ ಗುರಿ 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರದ ಮಾರಾಟದ ಜೊತೆ ಬಂದದ್ದು, ಅದರ ಚಿಂತೆ ಬಿಡಿ. ನಾನು ಕೇಳುವುದು ಹೆಜ್ಜೆಯ ವೇಗವನ್ನು. ಅಡುಗೆಮನೆ, ಆಫೀಸಿನ ಕಾರಿಡಾರು, ಅಂಗಡಿ ಸೇರಿ 8,000 ಆಗಿದ್ದರೆ ಅದರಲ್ಲಿ ಚುರುಕು ನಡಿಗೆ ಇಲ್ಲದೇ ಇರಬಹುದು. ಗಡಿಯಾರ ನೋಡುತ್ತಾ 15 ಸೆಕೆಂಡು ಎಣಿಸಿ. 25 ಅಥವಾ ಹೆಚ್ಚು ಬಂದರೆ ನಿಮಿಷಕ್ಕೆ 100, ಅದು ಸಾಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಒಟ್ಟು 8,000ದಲ್ಲಿ 3,000 ಹೆಜ್ಜೆ ಈ ವೇಗದಲ್ಲಿ ಬರಲಿ, ಅಂದರೆ ಅರ್ಧ ಗಂಟೆ. ಒಂದೇ ಸಲ ಆಗದಿದ್ದರೆ 10 ನಿಮಿಷದಂತೆ ಮೂರು ಸಲ ಮಾಡಿ. ಕೈಗೆ ಕಟ್ಟುವ ಬ್ಯಾಂಡನ್ನು ಪೂರ್ತಿ ನಂಬಬೇಡಿ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೂ ಕೆಲವು ಬ್ಯಾಂಡುಗಳು ಹೆಜ್ಜೆ ಎಣಿಸಿಬಿಡುತ್ತವೆ, ಸೂರ್ಯನಮಸ್ಕಾರವನ್ನು ಮಾತ್ರ ಸರಿಯಾಗಿ ಎಣಿಸುವುದಿಲ್ಲ.

ಆಸನದಲ್ಲೂ ಇದೇ ಮಾತು. ಯೋಗ ಮಾಡಿದವರನ್ನು ಏನೂ ಮಾಡದವರ ಜೊತೆ ಹೋಲಿಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಎಲ್‌ಡಿಎಲ್ ಸುಮಾರು 12, ಎಚ್‌ಡಿಎಲ್ ಸುಮಾರು 3 ಅಂಕಿ ಅನುಕೂಲದ ಕಡೆಗೆ ಬಂದಿವೆ. ಆದರೆ ಅವುಗಳಲ್ಲಿ ಅನೇಕ ಸಣ್ಣ ಪ್ರಯೋಗಗಳು, ಕೆಲವದರಲ್ಲಿ ಯೋಗದ ಜೊತೆ ಊಟವನ್ನೂ ಬದಲಾಯಿಸಿದ್ದರು. ಊಟ ಹಾಗೇ ಇರುವ ನಿಮಗೆ ಅಷ್ಟು ಸಿಗದಿರುವುದು ಸಹಜ. ಅರ್ಧ ಗಂಟೆಯಲ್ಲಿ 20 ನಿಮಿಷ ಪದ್ಮಾಸನ, ಶವಾಸನವೇ ಆದರೆ ಸ್ನಾಯುವಿಗೆ ಕೆಲಸ ಎಲ್ಲಿಯದು? ಮೊದಲ 15 ನಿಮಿಷ ಸೂರ್ಯನಮಸ್ಕಾರ, ಉತ್ಕಟಾಸನ, ವೀರಭದ್ರಾಸನದಂಥ ದೊಡ್ಡ ಸ್ನಾಯುಗಳ ಆಸನ ಇಡಿ. ಸೂರ್ಯನಮಸ್ಕಾರವನ್ನು 4 ಸುತ್ತಿನಿಂದ ಶುರು ಮಾಡಿ ವಾರಕ್ಕೆ 2 ಸುತ್ತು ಏರಿಸುತ್ತಾ 12ಕ್ಕೆ ತನ್ನಿ.

ಪ್ರಾಣಾಯಾಮದಿಂದ ಮಾತ್ರವೇ ಲಿಪಿಡ್ ಇಳಿಯುತ್ತದೆ ಎಂಬುದಕ್ಕೆ ಆಧಾರ ದುರ್ಬಲ. ನಿಧಾನ ಉಸಿರಾಟ ಬಿಪಿಗೆ, ನಿದ್ದೆಗೆ ಒಳ್ಳೆಯದು, ಆ ಕಾರಣಕ್ಕೆ ಮುಂದುವರಿಸಿ. ಕುಂಭಕವಿಲ್ಲದ ನಾಡಿಶೋಧನ, ನಿಮಿಷಕ್ಕೆ 6 ಉಸಿರಿನಂತೆ 10 ನಿಮಿಷ ಸಾಕು. ಬಿಪಿ ಹತೋಟಿಯಲ್ಲಿಲ್ಲದಿದ್ದರೆ, ಹರ್ನಿಯಾ ಅಥವಾ ಗ್ಲಾಕೋಮಾ ಇದ್ದರೆ ಕಪಾಲಭಾತಿ, ಭಸ್ತ್ರಿಕಾ ಬೇಡ.

ಎಲ್‌ಡಿಎಲ್ ಅನ್ನೇ ಇಳಿಸಬೇಕೆಂದರೆ ದಾರಿ ತಟ್ಟೆಯಲ್ಲಿದೆ: ತೆಂಗಿನೆಣ್ಣೆ, ಪಾಮೆಣ್ಣೆ, ತುಪ್ಪ, ಬೇಕರಿ ತಿಂಡಿ ಕಡಿಮೆ ಮಾಡಿ ಕಾಳು, ತರಕಾರಿ ಹೆಚ್ಚಿಸುವುದು. ಟ್ರೈಗ್ಲಿಸರೈಡಿಗೆ ಬಿಳಿ ಅನ್ನದ ಪ್ರಮಾಣ, ಕಾಫಿಯ ಸಕ್ಕರೆ, ಮದ್ಯ. ಟಿಎಸ್‌ಎಚ್ ಒಮ್ಮೆ ಮಾಡಿಸಿ, ಥೈರಾಯ್ಡ್ ಮಂದವಾಗಿದ್ದರೆ ಎಲ್‌ಡಿಎಲ್ ಏರುತ್ತದೆ.

145 ಇದ್ದಾಗ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಬಿಪಿ, ಬೀಡಿ ಸಿಗರೇಟು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಆದವರಿದ್ದಾರೆಯೇ ಎಂಬುದನ್ನೆಲ್ಲ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಎಲ್‌ಡಿಎಲ್ 190 ಅಥವಾ ಟ್ರೈಗ್ಲಿಸರೈಡ್ 500 ದಾಟಿದವರು ಯೋಗ ನಂಬಿ 3 ತಿಂಗಳು ಕಾಯಬಾರದು. ಸ್ಟ್ಯಾಟಿನ್ ಮಾತ್ರೆ ಸಣ್ಣ ಡೋಸಿನಲ್ಲೇ ಎಲ್‌ಡಿಎಲ್ ಅನ್ನು ಮೂರನೇ ಒಂದು ಭಾಗದಷ್ಟು ಇಳಿಸುತ್ತದೆ, ಆಸನಕ್ಕೆ ಆ ಶಕ್ತಿಯಿಲ್ಲ. ಒಂದು ವೇಳೆ ಮಾತ್ರೆ ಶುರುವಾದರೆ ಆ ತಿಂಗಳು ಸೂರ್ಯನಮಸ್ಕಾರದ ಸುತ್ತು ಏರಿಸಬೇಡಿ. ತೊಡೆ ನೋವು ಬಂದರೆ ಅದು ಮಾತ್ರೆಯದೋ ವ್ಯಾಯಾಮದ್ದೋ ತಿಳಿಯದೆ ಮಾತ್ರೆ ಬಿಟ್ಟುಬಿಡುವವರು ಬಹಳ.