ಕೂಲಂಟ್ ಕಮ್ಮಿಯಾಗ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ

ಪ್ರಶ್ನೆ: ಎರಡು ಮೂರು ವಾರಕ್ಕೊಮ್ಮೆ ಕೂಲಂಟ್ ಹಾಕಬೇಕಾಗಿದೆ. ಕಾರಿನ ಕೆಳಗೆ ಏನೂ ಸೋರಿಲ್ಲ, ಟೆಂಪರೇಚರ್ ಮುಳ್ಳೂ ಏರಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆಯಾ?

ಇಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಆ ಸೀಲ್ ಹೋಗಿರಬಹುದು, ಆದರೆ ಹೆಡ್ ಬಿಚ್ಚಿಸೋಕೆ ಮೊದಲು ಒಂದು ಕೆಲಸ ಮಾಡಿಸಿ. ಪೂರ್ತಿ ತಣ್ಣಗಾದ ಇಂಜಿನ್‌ನ ಕೂಲಂಟ್‌ಗೆ ಪ್ರೆಶರ್ ಕೊಟ್ಟು ರಾತ್ರಿಯಿಡೀ ಹಾಗೇ ಬಿಡಿ. ನನ್ನ ಕಾರಿನಲ್ಲಿ ಉತ್ತರ ಸಿಕ್ಕಿದ್ದು ಅದರಿಂದಲೇ, ಉಳಿದ ಎಲ್ಲ ಟೆಸ್ಟ್‌ಗಳೂ "ಏನೂ ತೊಂದರೆ ಇಲ್ಲ" ಅಂದಿದ್ದವು.

ಮೊದಲು ನಿಜವಾಗಿ ಎಷ್ಟು ಹೋಗ್ತಿದೆ ಅಂತ ಗೊತ್ತಾಗಬೇಕು. ನಾನು ಕೂಲಂಟ್ ಟ್ಯಾಂಕ್ ಮೇಲೆ ಟೇಪ್ ಅಂಟಿಸಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ, ಒಂದೇ ಜಾಗದಲ್ಲಿ ನಿಂತಿರುವಾಗ ಮಾತ್ರ ಗೆರೆ ಹಾಕ್ತಿದ್ದೆ, ಯಾಕೆಂದರೆ ಬಿಸಿಯಾದಾಗ ಕೂಲಂಟ್ ಹಿಗ್ಗಿ ಮಟ್ಟ ಮೇಲೆ ಬರುತ್ತೆ, ನೋಡಿ ಮೋಸ ಹೋಗ್ತೀವಿ. 600 ಕಿಲೋಮೀಟರ್‌ಗೆ ಸುಮಾರು 300 ಮಿಲಿ ಹೋಗ್ತಿತ್ತು. ಆದರೂ ಟೆಂಪರೇಚರ್ ಮುಳ್ಳು ಏರದೇ ಇದ್ದದ್ದಕ್ಕೆ ಕಾರಣ ಇಷ್ಟೇ. ಟ್ಯಾಂಕ್ ಖಾಲಿಯಾಗುವ ಮೊದಲೇ ತುಂಬಿಸ್ತಿದ್ದೆ, ಹಾಗಾಗಿ ಇಂಜಿನ್ ಒಳಗೆ ಕೊರತೆಯೇ ಬರಲಿಲ್ಲ.

ಹನಿ ಬೀಳಲಿಲ್ಲ ಅಂದ ಮಾತ್ರಕ್ಕೆ ಹೊರಗೆ ಸೋರ್ತಿಲ್ಲ ಅಂತಲ್ಲ. ಬಿಸಿ ಇಂಜಿನ್ ಮೇಲೆ ಬಿದ್ದ ಸಣ್ಣ ಹನಿ ಅಲ್ಲೇ ಆರಿಹೋಗುತ್ತೆ, ಹಿಂದೆ ಉಪ್ಪಿನಂಥ ಬಿಳಿ ಅಥವಾ ಬಣ್ಣದ ಕಲೆ ಉಳಿಯುತ್ತೆ. ವಾಟರ್ ಪಂಪ್ ಕೆಳಗೆ, ಹೋಸ್ ಕ್ಲಿಪ್‌ಗಳ ಹತ್ತಿರ, ರೇಡಿಯೇಟರ್‌ನ ಪ್ಲಾಸ್ಟಿಕ್ ಅಂಚಿನಲ್ಲಿ ಟಾರ್ಚ್ ಹಾಕಿ ನೋಡಿ. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆ ಇದ್ದರೆ ಹೀಟರ್ ಒಳಗೆ ಸೋರ್ತಿರಬಹುದು. ನನ್ನ ಗಾಡಿಯಲ್ಲಿ ಇದ್ಯಾವುದೂ ಇರಲಿಲ್ಲ.

ಆಮೇಲೆ ಗ್ಯಾರೇಜಿನಲ್ಲಿ ನೀಲಿ ದ್ರವದ ಟೆಸ್ಟ್ ಮಾಡಿದರು. ಕೂಲಂಟ್ ಟ್ಯಾಂಕ್‌ನ ಗಾಳಿಯಲ್ಲಿ ಹೊಗೆ ಗ್ಯಾಸ್ ಸೇರಿದ್ದರೆ ಆ ನೀಲಿ ಹಳದಿಗೆ ತಿರುಗುತ್ತೆ. ನನ್ನದು ನೀಲಿಯಾಗೇ ಉಳಿಯಿತು. "ಗ್ಯಾಸ್ಕೆಟ್ ಚೆನ್ನಾಗಿದೆ" ಅಂತ ಕಳಿಸಿಬಿಟ್ಟರು, ನಾನೂ ನಂಬಿದೆ. ಅಲ್ಲೇ ಎಡವಿದ್ದು. ಆ ಟೆಸ್ಟ್ ಹಿಡಿಯೋದು ಸಿಲಿಂಡರ್‌ನಿಂದ ಕೂಲಂಟ್ ಕಡೆಗೆ ನುಗ್ಗುವ ಗ್ಯಾಸನ್ನು. ಗ್ಯಾಸ್ಕೆಟ್‌ನ ಬಿರುಕು ತೀರ ಸಣ್ಣದಿದ್ದರೆ ಅಷ್ಟು ಗ್ಯಾಸ್ ಬರೋದೇ ಇಲ್ಲ. ಇಂಜಿನ್ ಆಫ್ ಮಾಡಿದ ಮೇಲೆ ಆಟ ಉಲ್ಟಾ ಆಗುತ್ತೆ: ಸಿಲಿಂಡರ್‌ನಲ್ಲಿ ಒತ್ತಡ ಇಲ್ಲ, ಆದರೆ ಬಿಸಿ ಕೂಲಂಟ್ ಇನ್ನೂ ಸ್ವಲ್ಪ ಹೊತ್ತು ಒತ್ತಡದಲ್ಲೇ ಇರುತ್ತೆ, ನಿಧಾನವಾಗಿ ಒಳಗೆ ಜಿನುಗುತ್ತೆ. ನನ್ನ ಕಾರು ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಐದಾರು ಸೆಕೆಂಡ್ ತಡವರಿಸಿ, ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಿಟ್ಟು, ಆಮೇಲೆ ಸರಿಯಾಗ್ತಿತ್ತು. ಪೆಟ್ರೋಲ್ ಸರಿಯಿಲ್ಲ ಅಂದುಕೊಂಡಿದ್ದೆ.

ಇನ್ನು ಆ ರಾತ್ರಿಯ ಟೆಸ್ಟ್. ಇಂಜಿನ್ ಪೂರ್ತಿ ತಣ್ಣಗಿರಬೇಕು, ಬೆಚ್ಚಗಿದ್ದರೆ ಆರುತ್ತಾ ಹೋದಂತೆ ಒತ್ತಡ ತಾನಾಗೇ ಇಳಿದು ಸುಳ್ಳು ಹೇಳುತ್ತೆ (ಬಿಸಿ ಇರುವಾಗ ಮುಚ್ಚಳ ತೆಗೆಯೋಕೇ ಹೋಗಬೇಡಿ, ಮುಖ ಸುಟ್ಟುಕೊಳ್ತೀರಿ). ಮುಚ್ಚಳದ ಜಾಗದಲ್ಲಿ ಕೈ ಪಂಪು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಬೇಕು, ನನ್ನದರಲ್ಲಿ 1.1 ಬಾರ್. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಪಕ್ಕಕ್ಕಿಟ್ಟು ಮನೆಗೆ ಹೋದೆವು. ಬೆಳಿಗ್ಗೆ ಪಂಪಿನ ಮುಳ್ಳು 0.7ರಲ್ಲಿತ್ತು. ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ನಾಲ್ಕರಲ್ಲಿ ಮೂರು ಪಿಸ್ಟನ್ ಕಪ್ಪು ಮಸಿ ಹಿಡಿದಿದ್ದವು. ಮೂರನೆಯ ಸಿಲಿಂಡರ್‌ನದು ಮಾತ್ರ ಒಂದು ಬದಿ ತೊಳೆದಿಟ್ಟ ತಟ್ಟೆಯಂತೆ ಹೊಳೀತಿತ್ತು, ಅದರ ಮೇಲೆ ಗುಲಾಬಿ ಕೂಲಂಟ್‌ನ ಪುಟ್ಟ ಕೊಳ. ಹೆಡ್ ಬಿಚ್ಚಿದಾಗ ಅದೇ ಬದಿಯಲ್ಲಿ ಗ್ಯಾಸ್ಕೆಟ್ ಅಂಚು ತಿಂದುಹೋಗಿತ್ತು.

ನೀವು ಮಾಡುವಾಗ ಒಂದು ಎಚ್ಚರ. ಕೂಲಂಟ್ ಕಂಡರೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಬೇಡಿ. ದ್ರವವನ್ನು ಅದುಮೋಕಾಗಲ್ಲ, ಕನೆಕ್ಟಿಂಗ್ ರಾಡ್ ಬಾಗಬಹುದು. ಇಗ್ನಿಷನ್, ಇಂಧನ ಎರಡೂ ಕಡಿತಗೊಳಿಸಿ, ಪ್ಲಗ್ ಇಲ್ಲದೇ ಇಂಜಿನ್ ತಿರುಗಿಸಿ ಅದನ್ನು ಹೊರಗೆ ಹಾರಿಸಬೇಕು, ಮುಖ ದೂರ ಇಟ್ಟುಕೊಂಡು.

ಆಯಿಲ್‌ಗೆ ಕೂಲಂಟ್ ಸೇರಿದರೆ ಅದರ ಮುಚ್ಚಳದ ಕೆಳಗೆ ಕಾಣುವ ಹಾಲಿನ ಬಣ್ಣ ಇಲ್ಲ ಅಂತ ಸಮಾಧಾನ ಪಡಬೇಡಿ, ನನ್ನದರಲ್ಲಿ ಆಯಿಲ್ ಕೊನೆವರೆಗೂ ಚೆನ್ನಾಗೇ ಇತ್ತು. ಪಂಪಿನ ಮುಳ್ಳು ಇಳಿದೂ ಸಿಲಿಂಡರ್‌ಗಳೆಲ್ಲ ಒಣಗಿದ್ದರೆ ಸೋರಿಕೆ ಬೇರೆ ಕಡೆ ಇದೆ, ಹೀಟರ್‌ನಿಂದ ಹುಡುಕೋಕೆ ಶುರುಮಾಡಿ. ಡೀಸೆಲ್ ಆಗಿದ್ದರೆ, ಹೊಗೆಯ ಒಂದು ಪಾಲನ್ನು ತಣಿಸಿ ಇಂಜಿನ್‌ಗೆ ವಾಪಸ್ ಕಳಿಸುವ ಇಜಿಆರ್ ಕೂಲರ್ ಬಗ್ಗೆಯೂ ಕೇಳಿ, ಅದು ಒಳಗೇ ಸೋರಿದರೆ ಕೂಲಂಟ್ ನೇರ ಹೊಗೆಯ ಜೊತೆ ಹೋಗುತ್ತೆ, ಹೆಡ್‌ಗೂ ಅದಕ್ಕೂ ಸಂಬಂಧವೇ ಇರಲ್ಲ.