ಹೋಟೆಲ್ ಹಲಗೆಯ ಮೇಲಿನ ‘ವಡು ೬೫’

ಪ್ರಶ್ನೆ: ನನಗೆ ಕನ್ನಡ ಪುಸ್ತಕ, ಪೇಪರ್ ಓದೋಕೆ ಬರುತ್ತೆ. ಆದ್ರೆ ಸಣ್ಣ ಹೋಟೆಲ್‌ಗಳಲ್ಲಿ ಕಪ್ಪು ಹಲಗೆ ಮೇಲೆ ಚಾಕ್‌ಪೀಸಲ್ಲಿ ಬರೆದಿರೋದು ಅರ್ಥ ಆಗಲ್ಲ. ಮೊನ್ನೆ ಚಿತ್ರದುರ್ಗದ ಹತ್ತಿರ ಒಂದು ಕಡೆ ಇಡ್ಲಿ ೩೦, ಮಸಾಲೆ ದೋಸೆ ೫೦, ಕಾಫಿ ೧೫ ಅಂತ ಓದಿದೆ. ನಡುವೆ ಒಂದು ಸಾಲು ‘ವಡು ೬೫’ ಅಂತ ಕಾಣಿಸ್ತು. ಕೇಳೋಕೆ ಮುಜುಗರ ಆಗಿ ಇಡ್ಲಿ ತಿಂದು ಬಂದೆ. ಇಂಥವನ್ನ ಹೇಗೆ ಓದೋದು?

ಉತ್ತರ:

ಅದು ‘ಪಡ್ಡು ೩೫’ ಇರಬೇಕು. ಹಲಗೆಯನ್ನು ನಾನು ನೋಡಿಲ್ಲ, ಆದರೂ ನೀವು ಓದಿದ ಉಳಿದ ಮೂರು ಸಾಲುಗಳೇ ಇದನ್ನು ಹೇಳುತ್ತಿವೆ. ಹೇಗೆ ಅಂತ ವಿವರವಾಗಿ ಹೇಳುತ್ತೇನೆ. ನಮ್ಮ ಮಾವನ ಹೋಟೆಲ್‌ನಲ್ಲಿ ಆರೇಳು ವರ್ಷ ದಿನಾ ಬೆಳಗ್ಗೆ ಬೋರ್ಡ್ ಬರೆದವನು ನಾನು. ಅಕ್ಷರ ಯಾಕೆ ಹಾಗೆ ಸೊಟ್ಟಗಾಗುತ್ತೆ ಅನ್ನುವುದು ಬರೆದ ಕೈಗೆ ಚೆನ್ನಾಗಿ ಗೊತ್ತು.

ಮೊದಲು ಹೆಸರು ನೋಡೋಣ. ಪುಸ್ತಕದಲ್ಲಿ ‘ಪ’ ಮತ್ತು ‘ವ’ ಬೇರೆ ಬೇರೆ ಅಂತ ಕಣ್ಣಿಗೆ ಥಟ್ಟನೆ ಗೊತ್ತಾಗುತ್ತದೆ. ಯಾಕೆಂದರೆ ಅಚ್ಚಿನಲ್ಲಿ ಗೆರೆ ತೆಳು, ನಡುವಿನ ಬಿಡುವು ಸ್ಪಷ್ಟ. ಚಾಕ್‌ಪೀಸ್ ಹಾಗಲ್ಲ. ಸ್ವಲ್ಪ ಸವೆದ ಮೇಲೆ ಅದರ ತುದಿ ಚಪ್ಪಟೆಯಾಗುತ್ತದೆ, ಗೆರೆ ಬೆರಳಷ್ಟು ದಪ್ಪ ಬೀಳುತ್ತದೆ. ಆಗ ‘ಪ’ದ ತಲೆಯ ಹತ್ತಿರ ಇರಬೇಕಾದ ಸಣ್ಣ ಬಿಡುವು ಮುಚ್ಚಿಹೋಗುತ್ತದೆ. ‘ಪ’ ಹೋಗಿ ‘ವ’ ಆಗುತ್ತದೆ. ‘ಮ’ ಮತ್ತು ‘ವು’ ಕೂಡ ಹೀಗೆಯೇ. ನಮ್ಮ ಬೋರ್ಡಿನಲ್ಲಿ ‘ಮದ್ದೂರು ವಡೆ’ಯನ್ನು ‘ವುದ್ದೂರು ವಡೆ’ ಅಂತ ಓದಿದ ಮಕ್ಕಳು ಎಷ್ಟೋ ಜನ. ಹಾಗಾಗಿ ಹಲಗೆ ಮೇಲೆ ‘ವ’ ಕಂಡರೆ ಮನಸ್ಸಿನಲ್ಲಿ ‘ಪ’ ಮತ್ತು ‘ಮ’ ಎರಡನ್ನೂ ಇಟ್ಟುಕೊಂಡೇ ಮುಂದೆ ಓದಿ.

ಇನ್ನು ಒತ್ತಕ್ಷರ. ನಮ್ಮ ತಿಂಡಿಗಳ ಹೆಸರಿನಲ್ಲಿ ಒತ್ತು ಜಾಸ್ತಿ. ಇಡ್ಲಿ, ಉಪ್ಪಿಟ್ಟು, ಚಿತ್ರಾನ್ನ, ಅಕ್ಕಿ ರೊಟ್ಟಿ, ಪಡ್ಡು. ಒತ್ತು ಸಾಲಿನ ಕೆಳಗೆ ಬರುತ್ತದೆ. ಹಲಗೆ ಚಿಕ್ಕದು, ತಿಂಡಿ ಹತ್ತು ಹನ್ನೆರಡು ಇದ್ದರೆ ಸಾಲುಗಳು ಒಂದರ ಮೇಲೊಂದು ಕೂರುತ್ತವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೋ ಏತ್ವಕ್ಕೋ ತಾಗುತ್ತದೆ. ಬರೆಯುವವನು ಜಾಗ ಸಾಲದೆ ಒತ್ತನ್ನು ಅಕ್ಕಿಕಾಳಿನಷ್ಟು ಸಣ್ಣದು ಮಾಡುತ್ತಾನೆ. ಆಮೇಲೆ ಯಾರದ್ದೋ ತೋಳು ತಗುಲಿದರೆ ಮೊದಲು ಅಳಿಸಿಹೋಗುವುದೇ ಆ ಸಣ್ಣ ಗುರುತು. ‘ಡ್ಡು’ ಇದ್ದದ್ದು ‘ಡು’ ಆಯಿತು. ‘ಪಡ್ಡು’ ಹೋಗಿ ‘ವಡು’ ಉಳಿಯಿತು.

ವಡೆ ಯಾಕಲ್ಲ ಅಂತ ನೀವು ಕೇಳಬಹುದು. ವಡೆಯನ್ನು ಜನ ವಡೆ, ವಡ, ವಡಾ ಅಂತ ಮೂರು ಥರ ಬರೆಯುವುದನ್ನು ನಾನು ನೋಡಿದ್ದೇನೆ. ಆದರೆ ಕೊನೆಗೆ ‘ಉ’ಕಾರದ ಕೊಂಬು ಹಾಕಿದವರನ್ನು ಕಂಡಿಲ್ಲ. ಕಾಗುಣಿತ ತಪ್ಪು ಬರೆಯುವವರೂ ಬಾಯಲ್ಲಿ ಹೇಳುವ ಹಾಗೇ ಬರೆಯುತ್ತಾರೆ. ಅದಕ್ಕೇ ಸಂಶಯ ಬಂದ ಸಾಲನ್ನು ಸಣ್ಣ ದನಿಯಲ್ಲಿ ಬಾಯಿಬಿಟ್ಟು ಓದಿ. ಕಣ್ಣಿಗಿಂತ ಕಿವಿಗೆ ಬೇಗ ಹೊಳೆಯುತ್ತದೆ. ಜೊತೆಗೆ ಊರನ್ನೂ ನೋಡಿ. ಚಿತ್ರದುರ್ಗ, ದಾವಣಗೆರೆ ಕಡೆ ಬೆಳಗಿನ ತಿಂಡಿಗೆ ಪಡ್ಡು ಮಾಮೂಲು. ಅದೇ ತಿಂಡಿಯನ್ನು ಧಾರವಾಡದ ಕಡೆ ಗುಂಡಪಂಗಳ ಅನ್ನುತ್ತಾರೆ, ಕರಾವಳಿಯ ಕಡೆ ಗುಳಿಯಪ್ಪ. ಅಲ್ಲಿನ ಹಲಗೆಯಲ್ಲಿ ನೀವು ಹುಡುಕಬೇಕಾದ ಅಕ್ಷರಗಳೇ ಬೇರೆ.

ಈಗ ರೇಟು. ಇದರಲ್ಲೇ ನಾನು ನಿಮಗೆ ಮುಖ್ಯವಾದ ವಿಷಯ ಹೇಳಬೇಕಿರುವುದು.

ಕನ್ನಡ ಅಂಕಿಗಳಲ್ಲಿ ೩ ಮತ್ತು ೬ ಕೈಬರಹಕ್ಕೆ ಬಂದರೆ ಅಣ್ಣತಮ್ಮಂದಿರ ಹಾಗೆ. ಮೈ ಹೆಚ್ಚುಕಡಿಮೆ ಒಂದೇ, ಕೊನೆಯ ಬಾಲದಲ್ಲಿ ಮಾತ್ರ ವ್ಯತ್ಯಾಸ. ರೇಟು ಬರೆಯುವುದು ಸಾಲಿನ ಕೊನೆಯಲ್ಲಿ. ಎಡಗಡೆ ಹೆಸರನ್ನು ದೊಡ್ಡದಾಗಿ ಶುರು ಮಾಡಿರುತ್ತೇವೆ, ಬಲಗಡೆ ಬರುವಷ್ಟರಲ್ಲಿ ಚೌಕಟ್ಟು ಅಡ್ಡ ಬರುತ್ತದೆ. ಅಂಕಿ ಇಕ್ಕಟ್ಟಿಗೆ ಸಿಕ್ಕಿ ಬಾಲ ಮುದುಡಿಕೊಳ್ಳುತ್ತದೆ. ೦ ಮತ್ತು ೧ ಕೂಡ ಹೀಗೆ ಕಲೆತುಹೋಗುತ್ತವೆ. ೧ರ ಬಾಯಿ ಮುಚ್ಚಿದರೆ ಅದು ಸೊನ್ನೆ. ಇಂಗ್ಲಿಷ್ ಅಂಕಿ ಬರೆದಿದ್ದರೆ 1 ಮತ್ತು 7ರ ನಡುವೆ, 3 ಮತ್ತು 8ರ ನಡುವೆ ಇದೇ ಕಷ್ಟ.

ಇಂಥ ಕಡೆ ಆ ಒಂದು ಅಂಕಿಯನ್ನೇ ದಿಟ್ಟಿಸಿ ನೋಡಿದರೆ ಏನೂ ಸಿಗುವುದಿಲ್ಲ. ಅದೇ ಕೈ ಬರೆದ, ನಿಮಗೆ ಸಂಶಯವೇ ಇಲ್ಲದ ಇನ್ನೊಂದು ಅಂಕಿಯನ್ನು ಹುಡುಕಿ. ನಿಮ್ಮ ಹಲಗೆಯಲ್ಲಿ ಅದು ಇತ್ತು: ‘ಇಡ್ಲಿ ೩೦’. ಮಸಾಲೆ ದೋಸೆ ೫೦ ಇರುವ ಹೋಟೆಲ್‌ನಲ್ಲಿ ಇಡ್ಲಿ ೬೦ ಇರುವುದಿಲ್ಲ. ಹಾಗಾಗಿ ಇಡ್ಲಿ ಸಾಲಿನಲ್ಲಿರುವುದು ೩ ಅಂತ ಧೈರ್ಯವಾಗಿ ಹೇಳಬಹುದು. ಈಗ ಆ ೩ರ ಬಾಲವನ್ನೂ ಪಡ್ಡು ಸಾಲಿನ ಅಂಕಿಯ ಬಾಲವನ್ನೂ ಹೋಲಿಸಿ. ಎರಡೂ ಒಂದೇ ಕಡೆ ತಿರುಗಿದ್ದರೆ ಅದು ೩. ಒಬ್ಬ ಮನುಷ್ಯನ ಅಕ್ಷರ ಎಷ್ಟೇ ಸೊಟ್ಟಗಿರಲಿ, ಅವನು ಪ್ರತಿ ಸಲ ಒಂದೇ ಥರ ಸೊಟ್ಟಗೆ ಬರೆಯುತ್ತಾನೆ.

ಬಾಲ ಕಾಣಿಸದಿದ್ದರೆ ಮಿಕ್ಕ ರೇಟುಗಳ ಜೊತೆ ಇಟ್ಟು ನೋಡಿ. ಪಡ್ಡುವಿಗೆ ಬಳಸುವುದು ದೋಸೆ ಹಿಟ್ಟೇ, ಜೊತೆಗೆ ಈರುಳ್ಳಿ, ಹಸಿಮೆಣಸಿನಕಾಯಿ. ಇಂಥ ಹೋಟೆಲ್‌ಗಳಲ್ಲಿ ಅದು ಮಸಾಲೆ ದೋಸೆಯನ್ನು ದಾಟುವುದು ಅಪರೂಪ. ೩೦ಕ್ಕೂ ೫೦ಕ್ಕೂ ನಡುವೆ ೩೫ ಕೂರುತ್ತದೆ, ೬೫ ಕೂರುವುದಿಲ್ಲ. ಇದು ಊಹೆ ಮಾತ್ರ, ಗಟ್ಟಿ ಅಲ್ಲ. ತುಪ್ಪದ ಪಡ್ಡು ಇರಬಹುದು, ಹತ್ತರ ಬದಲು ಹದಿನಾರು ಕೊಡುವ ಪ್ಲೇಟ್ ಇರಬಹುದು. ಅದಕ್ಕೇ ದುಡ್ಡು ಕೊಡುವ ಮುಂಚೆ ಒಂದು ಮಾತು ಕೇಳಲೇಬೇಕು.

ಈ ೩ ಮತ್ತು ೬ರ ವಿಷಯ ನನಗೆ ಯಾಕೆ ಇಷ್ಟು ಮನಸ್ಸಿಗೆ ಹತ್ತಿರ ಅಂದರೆ, ನನ್ನ ಕೈಯಿಂದಲೇ ಒಮ್ಮೆ ಹೀಗಾಗಿತ್ತು. ಒಬ್ಬ ಅಜ್ಜ ಬಸ್ಸಿಳಿದು ಬಂದು ಬೋರ್ಡ್ ಮುಂದೆ ಬಹಳ ಹೊತ್ತು ನಿಂತಿದ್ದರು. ಜೇಬಿನಿಂದ ಚಿಲ್ಲರೆ ತೆಗೆದು ಎಣಿಸಿದರು. ಆಮೇಲೆ ಬರೀ ಟೀ ಕುಡಿದು ಹೊರಟರು. ಹೋಗುವಾಗ ‘ಉಪ್ಪಿಟ್ಟಿಗೆ ಅಷ್ಟೊಂದಾ ಮಗಾ’ ಅಂದರು. ಆಗ ಉಪ್ಪಿಟ್ಟಿಗೆ ಇದ್ದದ್ದು ೩೦ ರೂಪಾಯಿ. ತಿರುಗಿ ನೋಡಿದರೆ ನಾನು ಬರೆದ ೩ ಅಚ್ಚುಕಟ್ಟಾಗಿ ೬ರ ಹಾಗೆ ಕಾಣುತ್ತಿತ್ತು. ಹೊರಗೆ ಓಡಿಹೋದೆ, ಅಷ್ಟರಲ್ಲಿ ಅವರ ಬಸ್ಸು ಹೊರಟಿತ್ತು. ಮಾರನೆ ದಿನದಿಂದ ರೇಟನ್ನು ಮೊದಲು ಬರೆದು, ಹೆಸರನ್ನು ಆಮೇಲೆ ಉಳಿದ ಜಾಗದಲ್ಲಿ ಬರೆಯಲು ಶುರು ಮಾಡಿದೆ. ಹೆಸರು ಇಕ್ಕಟ್ಟಾದರೆ ಜನ ಊಹಿಸುತ್ತಾರೆ. ರೇಟು ತಪ್ಪಾದರೆ ಹಸಿದುಕೊಂಡು ಹೋಗುತ್ತಾರೆ.

ಇನ್ನೊಂದು ಗುರುತು ಹೇಳುತ್ತೇನೆ, ಇದು ಹೊರಗಿನವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ರೇಟು ಏರಿಸಿದಾಗ ನಾವು ಇಡೀ ಸಾಲನ್ನು ಅಳಿಸುವುದಿಲ್ಲ. ೩೦ ಇದ್ದದ್ದು ೩೫ ಆದರೆ ಸೊನ್ನೆಯನ್ನು ಬೆರಳಲ್ಲಿ ಒರೆಸಿ ಅಲ್ಲೇ ೫ ಬರೆಯುತ್ತೇವೆ. ಹಾಗಾಗಿ ಹೊಸ ಅಂಕಿಯ ಹಿಂದೆ ಬೂದಿ ಬಣ್ಣದ ಕಲೆ ಇರುತ್ತದೆ, ಅಂಕಿ ಮಾತ್ರ ಪಕ್ಕದ್ದಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ಒಂದರ ಮೇಲೊಂದು ಎರಡು ಅಂಕಿ ಕಂಡರೆ ಬೆಳ್ಳಗಿರುವುದೇ ಇವತ್ತಿನದು. ಕೆಲವರು ಚಾಕ್‌ಪೀಸನ್ನು ನೀರಿನಲ್ಲಿ ಅದ್ದಿ ಬರೆಯುತ್ತಾರೆ. ಒಣಗಿದ ಮೇಲೆ ಅಕ್ಷರ ಗಟ್ಟಿಯಾಗಿ ಕೂರುತ್ತದೆ, ಕೈ ತಾಗಿದರೂ ಬೇಗ ಹೋಗುವುದಿಲ್ಲ. ಆದರೆ ಒಣಬಟ್ಟೆಯಲ್ಲಿ ಒರೆಸಿದರೆ ನಿನ್ನೆಯ ಅಕ್ಷರದ ನೆರಳು ಹಾಗೇ ಉಳಿಯುತ್ತದೆ. ಮಸುಕಾಗಿ ‘ಶಾವಿಗೆ’ ಅಂತ ಕಾಣಿಸಿ, ಅದರ ಮೇಲೆ ‘ಪುಳಿಯೋಗರೆ’ ಅಂತ ದಟ್ಟವಾಗಿ ಇದ್ದರೆ ಶಾವಿಗೆ ನಿನ್ನೆಯದು.

‘ಇಂದಿನ ವಿಶೇಷ’ ಅಂತ ಬರೆದ ಕಡೆ ಇನ್ನೂ ಹುಷಾರಾಗಿರಿ. ಅದನ್ನು ಬರೆಯುವುದು ಕೊನೆಗೆ, ಅಡುಗೆ ಭಟ್ಟರು ಒಳಗಿಂದ ಕೂಗಿ ಹೇಳಿದ ಮೇಲೆ. ಮೂಲೆಯಲ್ಲೋ ಬೇರೆ ಬಣ್ಣದಲ್ಲೋ ತುರುಕಿರುತ್ತೇವೆ, ಹೆಸರು ಮೊಟಕು ಮಾಡಿರುತ್ತೇವೆ. ಬಿಸಿಬೇಳೆ ಬಾತ್ ‘ಬಿ.ಬಿ. ಬಾತ್’ ಆಗುತ್ತದೆ. ಡಿಸೆಂಬರ್, ಜನವರಿಯಲ್ಲಿ ‘ಅ.ಕಾಳು’ ಅಂತ ಕಂಡರೆ ಅದು ಅವರೆಕಾಳು. ಆಗ ಉಪ್ಪಿಟ್ಟಿಗೂ ರೊಟ್ಟಿಗೂ ಅದೇ ಬೀಳುತ್ತದೆ. ಮೇ ತಿಂಗಳಲ್ಲಿ ಅದೇ ‘ಅ.ಕಾಳು’ ಕಂಡರೆ ನಾನು ಅಷ್ಟು ಧೈರ್ಯವಾಗಿ ಹೇಳುವುದಿಲ್ಲ, ಅಲಸಂದೆ ಕಾಳೂ ಇರಬಹುದು.

ಹೆಸರಿದ್ದು ರೇಟಿಲ್ಲದ ಸಾಲು ಸಿಕ್ಕರೆ ಎರಡು ಅರ್ಥ. ನಮ್ಮಲ್ಲಿ ತಿಂಡಿ ಮುಗಿದರೆ ರೇಟನ್ನು ಮಾತ್ರ ಒರೆಸುತ್ತಿದ್ದೆವು, ಹೆಸರು ನಾಳೆಗೆ ಬೇಕಲ್ವಾ. ಅಲ್ಲಿ ಒರೆಸಿದ ಕಲೆ ಕಾಣುತ್ತದೆ. ಕರಾವಳಿಯ ಮೀನೂಟದ ಹೋಟೆಲ್‌ಗಳಲ್ಲಿ ಬಂಗುಡೆ, ಅಂಜಲ್ ಮುಂದೆ ಜಾಗ ಸುಮ್ನೆ ಖಾಲಿ ಇದ್ದರೆ, ಕಲೆಯೂ ಇಲ್ಲದಿದ್ದರೆ, ಅವತ್ತಿನ ಮೀನಿನ ದರದ ಮೇಲೆ ಬಾಯಲ್ಲೇ ಹೇಳುತ್ತಾರೆ ಅಂತ ಅರ್ಥ. ಅಲ್ಲಿ ಕೇಳದೆ ಕೂರಬೇಡಿ.

ಕೇಳುವುದಕ್ಕೆ ಮುಜುಗರ ಬೇಡ. ‘ಅದೇನು ಬರೆದಿರೋದು’ ಅಂದರೆ ಕೌಂಟರಿನವರು ಇಡೀ ಪಟ್ಟಿಯನ್ನು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ, ನಿಮಗೆ ಏನೂ ಸಿಕ್ಕುವುದಿಲ್ಲ. ನಿಮ್ಮ ಊಹೆಯನ್ನೇ ಪ್ರಶ್ನೆ ಮಾಡಿ. ‘ಅಣ್ಣ, ಪಡ್ಡು ಮೂವತ್ತೈದಾ? ಪ್ಲೇಟಿಗೆ ಎಷ್ಟು ಬರುತ್ತೆ?’ ಅಂತ ಕೇಳಿ. ಊಹೆ ಸರಿ ಇದ್ದರೆ ತಲೆ ಆಡಿಸುತ್ತಾರೆ, ತಪ್ಪಿದ್ದರೆ ಅಷ್ಟನ್ನೇ ತಿದ್ದುತ್ತಾರೆ. ಟೋಕನ್ ಇರುವ ಕಡೆ ಇದನ್ನು ಟೋಕನ್ ಹರಿಯುವ ಮುಂಚೆ ಕೇಳಿ. ಮತ್ತೆ ಆ ಕಡೆ ಹೋದರೆ ಬೆಳಗ್ಗೆ ಹತ್ತರೊಳಗೆ ಹೋಗಿ. ತಡವಾದರೆ ಪಡ್ಡು ಸಾಲಿನ ರೇಟು ಒರೆಸಿರುತ್ತಾರೆ.