ಹಾಫ್ ಆಡರ್: ಸ್ವಿಚ್ ಆಫ್ ಇದ್ದರೂ ಕ್ಯಾರಿ ಉರಿಯುವುದು ಯಾಕೆ?

> "ಡಯಾಗ್ರಾಂ ನೋಡಿಕೊಂಡು 74LS86, 74LS08 ಎರಡನ್ನೂ ಬ್ರೆಡ್‌ಬೋರ್ಡ್ ಮೇಲೆ ಹಾಕಿದ್ದೇನೆ. ಸ್ವಿಚ್‌ನ ಒಂದು ತುದಿ 5 ವೋಲ್ಟ್‌ಗೆ, ಇನ್ನೊಂದು ತುದಿ ಗೇಟಿಗೆ. ಎರಡೂ ಸ್ವಿಚ್ ಆಫ್ ಇದ್ದಾಗಲೇ ಕ್ಯಾರಿ ಎಲ್‌ಇಡಿ ಉರಿಯುತ್ತದೆ, ಸಮ್ ಉರಿಯುವುದೇ ಇಲ್ಲ. ಡಯಾಗ್ರಾಂನಲ್ಲಿ ಏನು ತಪ್ಪಿದೆ?"

ಡಯಾಗ್ರಾಂನಲ್ಲಿ ಏನೂ ತಪ್ಪಿಲ್ಲ. ಐಸಿಗಳೂ ಬಹುಶಃ ಚೆನ್ನಾಗಿಯೇ ಇವೆ, ಈಗಲೇ ಹೊಸದು ತರಲು ಹೋಗಬೇಡಿ. ತೊಂದರೆ ಇರುವುದು ಡಯಾಗ್ರಾಂ ಶುರುವಾಗುವುದಕ್ಕೂ ಮೊದಲಿನ ಜಾಗದಲ್ಲಿ, ಅಂದರೆ ಸ್ವಿಚ್ಚಿಗೂ ಗೇಟಿಗೂ ನಡುವೆ. ಇದನ್ನು ಊಹೆಯಿಂದ ಹೇಳುತ್ತಿಲ್ಲ. ನಿಮ್ಮ ಎರಡು ಎಲ್‌ಇಡಿಗಳೇ ಅದನ್ನು ಹೇಳುತ್ತಿವೆ.

ಹಾಫ್ ಆಡರ್ ಅಂದರೆ 0 ಅಥವಾ 1 ಆಗಿರುವ A, B ಎಂಬ ಎರಡು ಅಂಕಿಗಳನ್ನು ಕೂಡುವ ಸರ್ಕ್ಯೂಟ್. ಸಮ್ ಅಂದರೆ S, ಮುಂದಿನ ಅಂಕಿಗೆ ಹೋಗುವ ಕ್ಯಾರಿ ಅಂದರೆ C. ಒಂದೊಂದು ಸ್ವಿಚ್ಚಿನಿಂದ A, B ಬರುತ್ತವೆ. ಮೊದಲು ಎಡದಿಂದ ಬಲಕ್ಕೆ ತಂತಿ ಹಿಡಿದು ಹೋಗೋಣ. A ಗೆರೆ ಒಂದು ಚುಕ್ಕೆಯ ಹತ್ತಿರ ಎರಡಾಗುತ್ತದೆ. ಒಂದು ಕವಲು ಮೇಲಿನ ಎಕ್ಸ್‌ಆರ್ ಗೇಟಿಗೆ, ಅಂದರೆ 74LS86ಗೆ, ಇನ್ನೊಂದು ಕೆಳಗಿನ ಆ್ಯಂಡ್ ಗೇಟಿಗೆ, ಅಂದರೆ 74LS08ಗೆ. B ಕೂಡ ಹಾಗೆಯೇ. ಎರಡೂ ಗೇಟಿಗೆ ಹೋಗುವುದು ಅದೇ A, ಅದೇ B. ಮೇಲಿನದರಿಂದ S ಬರುತ್ತದೆ, ಕೆಳಗಿನದರಿಂದ C. ಎಕ್ಸ್‌ಆರ್ ತನ್ನ ಎರಡು ಇನ್‌ಪುಟ್ ಬೇರೆ ಬೇರೆ ಇದ್ದರೆ ಮಾತ್ರ 1 ಕೊಡುತ್ತದೆ, ಆ್ಯಂಡ್ ಎರಡೂ 1 ಇದ್ದರೆ ಮಾತ್ರ. ಹಾಗಾಗಿ ಸಿಗುವುದು ಇಷ್ಟು:

```
A B | S C
0 0 | 0 0
0 1 | 1 0
1 0 | 1 0
1 1 | 0 1
```

ಈಗ ಇದನ್ನೇ ಬಲದಿಂದ ಎಡಕ್ಕೆ ಓದಿ. ನಿಮಗೆ ಕಾಣುತ್ತಿರುವುದು S = 0, C = 1. ಈ ಜೋಡಿ ಬರುವುದು ಕೊನೆಯ ಸಾಲಿನಲ್ಲಿ ಮಾತ್ರ, ಅಲ್ವಾ? ಅಂದರೆ ನೀವು ಎರಡೂ ಸ್ವಿಚ್ ಆಫ್ ಮಾಡಿ 0, 0 ಕೊಟ್ಟೆ ಅಂದುಕೊಂಡಿದ್ದೀರಿ, ಗೇಟುಗಳು 1, 1 ಬಂದಿದೆ ಅಂತ ಓದುತ್ತಿವೆ. ಓದಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿವೆ.

ಹೀಗಾಗಲು ಕಾರಣ LS ಜಾತಿಯ ಐಸಿಯ ಸ್ವಭಾವ. ಸ್ವಿಚ್ ಆಫ್ ಆದಾಗ ಆ ಕಾಲು ಎಲ್ಲಿಗೂ ಸೇರದೆ ಸುಮ್ನೆ ಗಾಳಿಯಲ್ಲಿ ಉಳಿಯುತ್ತದೆ. LS ಐಸಿ ಅಂಥ ಕಾಲನ್ನು 1 ಎಂದೇ ತೆಗೆದುಕೊಳ್ಳುತ್ತದೆ. ಅದು 0 ಆಗಬೇಕಾದರೆ ಆ ಕಾಲಿನಿಂದ ಹೊರಗೆ ಬರುವ ಸಣ್ಣ ಕರೆಂಟನ್ನು ಯಾರಾದರೂ ಗ್ರೌಂಡಿಗೆ ಇಳಿಸಬೇಕು. ಇನ್‌ಪುಟ್ ಕಾಲಿನಿಂದ ಕರೆಂಟ್ ಹೊರಗೆ ಬರುತ್ತದೆ ಎನ್ನುವುದು ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಈ ಇಡೀ ತೊಂದರೆಯ ಬುಡ ಅದೇ.

ಮೇಲಿನ ಕಾಮೆಂಟಿನಲ್ಲಿ ಮೇಷ್ಟ್ರು "10k ರೆಸಿಸ್ಟರನ್ನು ಗ್ರೌಂಡಿಗೆ ಹಾಕಿ, ಮುಗಿಯಿತು" ಅಂದಿದ್ದಾರೆ. ದಾರಿ ಸರಿ, ಬೆಲೆ ಮಾತ್ರ LS ಐಸಿಗೆ ಹೊಂದುವುದಿಲ್ಲ. ನೀವು ಅದನ್ನು ಹಾಕಿದ ಮೇಲೂ "ಒಮ್ಮೆ ಸರಿ, ಒಮ್ಮೆ ತಪ್ಪು" ಅಂತ ಬರೆದಿದ್ದೀರಲ್ಲ, ಅದು ಇದಕ್ಕೇ. ಲೆಕ್ಕ ನೋಡಿ. ಡೇಟಾಶೀಟ್ ಪ್ರಕಾರ 74LS08ರ ಒಂದು ಇನ್‌ಪುಟ್ ಕಾಲಿನಿಂದ ಗರಿಷ್ಠ 0.4 ಮಿಲಿಆಂಪ್ ಬರಬಹುದು. 74LS86ರಲ್ಲಿ ಅದು 0.8. ಹಾಫ್ ಆಡರ್‌ನಲ್ಲಿ A ಎರಡೂ ಐಸಿಗೆ ಹೋಗುವುದರಿಂದ ಒಟ್ಟು 1.2 ಮಿಲಿಆಂಪ್. ಗೇಟು ಖಚಿತವಾಗಿ 0 ಅನ್ನಬೇಕಾದರೆ ಕಾಲಿನ ವೋಲ್ಟೇಜ್ 0.8 ದಾಟಬಾರದು. 1k ಹಾಕಿದರೂ 1.2 ವೋಲ್ಟ್ ತನಕ ಏರಬಹುದು, ಇನ್ನು 10k ಬಗ್ಗೆ ಹೇಳುವುದೇ ಬೇಡ. 470 ಓಮ್ ಹಾಕಿದರೆ ಸುಮಾರು 0.56 ವೋಲ್ಟ್, ಅದು ನಡೆಯುತ್ತದೆ. ನಿಜವಾದ ಐಸಿಯಲ್ಲಿ ಕರೆಂಟ್ ಸಾಮಾನ್ಯವಾಗಿ ಗರಿಷ್ಠಕ್ಕಿಂತ ಕಡಿಮೆ ಇರುತ್ತದೆ. ಅದಕ್ಕೇ ಕೆಲವರ ಬೋರ್ಡಿನಲ್ಲಿ 1k ಕೂಡ ಕೆಲಸ ಮಾಡಿಬಿಡುತ್ತದೆ, ಆಮೇಲೆ ವಾದ ಶುರುವಾಗುತ್ತದೆ.

ಮೇಷ್ಟ್ರ ಬೋರ್ಡಿನಲ್ಲಿ 74HC86, 74HC08 ಇದ್ದಿರಬೇಕು. ಅವುಗಳ ಇನ್‌ಪುಟ್ ಕಾಲು ಹೆಚ್ಚುಕಡಿಮೆ ಏನೂ ಕರೆಂಟ್ ಕೊಡುವುದಿಲ್ಲ, 10k ಧಾರಾಳವಾಗಿ ಸಾಕು. ಕಾಲುಗಳ ಜೋಡಣೆಯೂ ಒಂದೇ, ಕಿತ್ತು ಹಾಕಿದರೆ ಆಯಿತು. ಆದರೆ HCಯಲ್ಲಿ ಕಾಲನ್ನು ಗಾಳಿಯಲ್ಲಿ ಬಿಟ್ಟರೆ ಅದು 1 ಆಗುತ್ತದೆಯೋ 0 ಆಗುತ್ತದೆಯೋ ಹೇಳಲು ಬರುವುದಿಲ್ಲ, ಕೈ ಹತ್ತಿರ ತಂದರೂ ಬದಲಾಗಬಹುದು. ಬಳಸದೆ ಉಳಿದ ಗೇಟುಗಳ ಇನ್‌ಪುಟ್‌ಗಳನ್ನೂ ಗ್ರೌಂಡಿಗೆ ಕಟ್ಟಿಬಿಡಿ.

ನಾನಾದರೆ ರೆಸಿಸ್ಟರ್ ಲೆಕ್ಕಕ್ಕೇ ಹೋಗುವುದಿಲ್ಲ. ಮೂರು ಕಾಲಿನ ಸ್ಲೈಡ್ ಸ್ವಿಚ್ ತೆಗೆದುಕೊಳ್ಳುತ್ತೇನೆ. ನಡುವಿನ ಕಾಲು ಗೇಟಿಗೆ, ಒಂದು ಬದಿ 5 ವೋಲ್ಟ್, ಇನ್ನೊಂದು ಬದಿ ಗ್ರೌಂಡ್. ಆಗ 0 ಅಂದರೆ ನಿಜವಾಗಿಯೂ ಗ್ರೌಂಡ್, LS ಇರಲಿ HC ಇರಲಿ ಕೆಲಸ ಮಾಡುತ್ತದೆ.

ಈಗ ಮೆಟ್ಟಿಲ ದೀಪದ ಮಾತೆತ್ತಿದ ಅಕ್ಕನಿಗೆ. ಮೇಲೊಂದು ಕೆಳಗೊಂದು ಟೂ-ವೇ ಸ್ವಿಚ್ ಇರುವ ದೀಪ S ಥರವೇ ನಡೆದುಕೊಳ್ಳುತ್ತದೆ, ಅದು ಪೂರ್ತಿ ನಿಜ. ಯಾವುದೇ ಒಂದು ಸ್ವಿಚ್ ಬದಲಾದರೂ ದೀಪ ಬದಲಾಗುತ್ತದೆ. "ಹಾಗಾದರೆ ಐಸಿ ಯಾಕೆ ಬೇಕು" ಅನ್ನುವುದಕ್ಕೆ ಉತ್ತರ: ಆ ದೀಪದ ಕರೆಂಟು ಮುಂದಿನ ಸ್ವಿಚ್ಚನ್ನು ತಾನೇ ಒತ್ತಲಾರದು, ಬೆರಳು ಬೇಕು. ಮುಂದಿನ ಅಂಕಿಯ ಕೂಡಿಕೆಗೆ ಕ್ಯಾರಿ ತಾನಾಗಿಯೇ ಹೋಗಬೇಕಲ್ಲ. ಸ್ವಿಚ್ ಬದಲು ರಿಲೇ ಹಾಕಿದರೆ ಅದೂ ಆಗುತ್ತದೆ. 1937ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾರ್ಜ್ ಸ್ಟಿಬಿಟ್ಜ್ ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ ಟೆಲಿಫೋನ್ ರಿಲೇ ಮತ್ತು ಟಾರ್ಚ್ ಬಲ್ಬ್ ಇಟ್ಟುಕೊಂಡು ಕಟ್ಟಿದ್ದು ಇಂಥ ಕೂಡುವ ಯಂತ್ರವನ್ನೇ.

"ಕ್ಯಾರಿ ಇನ್ ಕಾಲು ಎಲ್ಲಿ" ಅಂತ ಕೇಳಿದ ತಮ್ಮನಿಗೆ: ಇದರಲ್ಲಿ ಅದಿಲ್ಲ, ಅದು ಬೇಕಾದರೆ ಫುಲ್ ಆಡರ್. ಎರಡು ಹಾಫ್ ಆಡರ್, ಒಂದು ಆರ್ ಗೇಟ್ ಬೇಕು. ಇಲ್ಲಿಯ ಪ್ರಶ್ನೆ ಬೇರೆ, ಆ ಚರ್ಚೆಗೆ ಬೇರೆ ಪೋಸ್ಟ್ ಹಾಕು.

ಇನ್ನೊಬ್ಬರು "ಒಂದೇ 7400ರಲ್ಲಿ ಆಗಲ್ವಾ" ಅಂದಿದ್ದಾರೆ. ಇದು ನನಗೆ ತುಂಬ ಇಷ್ಟವಾದ ಪ್ರಶ್ನೆ. ಎಲ್ಲರೂ ಹೇಳುವುದು ಐದು ನ್ಯಾಂಡ್ ಬೇಕು, 7400ರಲ್ಲಿ ಇರುವುದು ನಾಲ್ಕು, ಹಾಗಾಗಿ ಎರಡು ಐಸಿ ಅಂತ. ಜೋಡಣೆ ಹೀಗೆ:

```
N1 = NAND(A, B)
N2 = NAND(A, N1)
N3 = NAND(B, N1)
S  = NAND(N2, N3)
C  = NAND(N1, N1)
```

A = 1, B = 0 ಕೊಟ್ಟು ನಡೆಯೋಣ. N1ಗೆ 1 ಮತ್ತು 0 ಬಂದವು, ನ್ಯಾಂಡ್ 0 ಕೊಡುವುದು ಎರಡೂ 1 ಇದ್ದಾಗ ಮಾತ್ರ, ಹಾಗಾಗಿ N1 = 1. N2ಗೆ A = 1, N1 = 1, ಅದು 0. N3ಗೆ B = 0, ಅದು 1. S ಗೇಟಿಗೆ 0 ಮತ್ತು 1 ಬಂದವು, S = 1. C ಗೇಟಿಗೆ ಎರಡೂ ಕಡೆ 1, C = 0. ಈಗ Bಯನ್ನೂ 1 ಮಾಡಿ. N1 = 0 ಆಯಿತು. ಆ ಒಂದು 0 ಸಾಕು, N2, N3 ಎರಡೂ 1 ಆಗುತ್ತವೆ, S = 0, C = 1. ಇಡೀ ಸರ್ಕ್ಯೂಟ್ N1 ಮೇಲೆ ನಿಂತಿದೆ ಎನ್ನುವುದು ಹೀಗೆ ಕೈಯಲ್ಲಿ ನಡೆದು ನೋಡಿದಾಗ ಸ್ಪಷ್ಟವಾಗುತ್ತದೆ.

ಗಮನಿಸಿ, C ಅಂದರೆ N1 ತಿರುವಿದ್ದು ಅಷ್ಟೇ. ನಿಮಗೆ ಕ್ಯಾರಿ ಕಣ್ಣಿಗೆ ಕಂಡರೆ ಸಾಕು ಅಂದರೆ ಐದನೇ ಗೇಟೇ ಬೇಡ. 5 ವೋಲ್ಟ್‌ನಿಂದ 1k ರೆಸಿಸ್ಟರ್, ಅದರಿಂದ ಎಲ್‌ಇಡಿ, ಅದರ ಚಿಕ್ಕ ಕಾಲು N1ಗೆ. N1 = 0 ಆದಾಗ ಎಲ್‌ಇಡಿ ಉರಿಯುತ್ತದೆ, ಅಂದರೆ C = 1 ಆದಾಗ. ಇದಕ್ಕೊಂದು ಲಾಭವೂ ಇದೆ: LS ಐಸಿಯ ಔಟ್‌ಪುಟ್ 0 ಇದ್ದಾಗ 8 ಮಿಲಿಆಂಪ್ ತನಕ ಒಳಗೆ ಎಳೆದುಕೊಳ್ಳುತ್ತದೆ, 1 ಇದ್ದಾಗ ಕೊಡಬಲ್ಲೆ ಅಂತ ಡೇಟಾಶೀಟ್ ಹೇಳುವುದು 0.4 ಮಾತ್ರ. ಕ್ಯಾರಿಯನ್ನು ಮುಂದಿನ ಗೇಟಿಗೆ ಕೊಡಬೇಕಾದರೆ ಮಾತ್ರ ಐದನೆಯದು ಬೇಕು.

ಇದೇ ಕಾರಣಕ್ಕೆ ನಿಮ್ಮ 86, 08 ಬೋರ್ಡಿನಲ್ಲಿ ಔಟ್‌ಪುಟ್‌ನಿಂದ ಗ್ರೌಂಡಿಗೆ ಹಾಕಿರುವ ಎಲ್‌ಇಡಿ ಮಂಕಾಗಿ ಉರಿದರೆ ತಪ್ಪು ಉತ್ತರ ಅಂದುಕೊಳ್ಳಬೇಡಿ. ಒಂದು BC547 ಟ್ರಾನ್ಸಿಸ್ಟರ್ ಹಾಕಿ, ಬೇಸ್‌ಗೆ 10k, ಕಲೆಕ್ಟರ್ ಕಡೆ ಎಲ್‌ಇಡಿ ಜೊತೆ 470 ಓಮ್. ಬೆಳಕೂ ಚೆನ್ನಾಗಿರುತ್ತದೆ, ಗೇಟಿಗೂ ಭಾರ ಬೀಳುವುದಿಲ್ಲ.

ಸ್ವಿಚ್ ಸರಿಮಾಡಿದ ಮೇಲೆ ನಾಲ್ಕೂ ಸಾಲು ಪರೀಕ್ಷಿಸಿ, ಎರಡಕ್ಕೆ ನಿಲ್ಲಿಸಬೇಡಿ. 1, 1 ಕೊಟ್ಟಾಗ ಎರಡೂ ಎಲ್‌ಇಡಿ ಉರಿದರೆ 86ರ ಜಾಗದಲ್ಲಿ ಆರ್ ಗೇಟಿನ 7432 ಕೂತಿದೆ ಅಂತ ಅರ್ಥ. ಮೊದಲ ಮೂರು ಸಾಲಿನಲ್ಲಿ ಅವೆರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. S ಯಾವ ಸಾಲಿನಲ್ಲೂ ಉರಿಯದೆ ಇದ್ದರೆ A, B ಗೆರೆಗಳು ಎಲ್ಲೋ ಸೇರಿಕೊಂಡಿವೆಯೇ ನೋಡಿ. ಡಯಾಗ್ರಾಂನಲ್ಲಿ ಅವು ಒಂದರ ಮೇಲೊಂದು ದಾಟಿಹೋಗುತ್ತವೆ. ಚುಕ್ಕೆ ಇಲ್ಲದ ಕಡೆ ಅವು ಕೂಡಿಲ್ಲ, ಆದರೆ ಬ್ರೆಡ್‌ಬೋರ್ಡ್ ಮೇಲೆ ಒಂದೇ ಸಾಲಿನ ತೂತಿಗೆ ಚುಚ್ಚಿದರೆ ಕೂಡಿಬಿಡುತ್ತವೆ. ಆಗ ಎರಡೂ ಇನ್‌ಪುಟ್ ಯಾವಾಗಲೂ ಒಂದೇ, S ಯಾವಾಗಲೂ 0.

ಒಂದು ಮಾತ್ರ ನನಗೆ ಇನ್ನೂ ಅರ್ಥವಾಗಿಲ್ಲ. 10k ಹಾಕಿದಾಗ B ಸ್ವಿಚ್ ಕಡೆ ಮಾತ್ರ ತಪ್ಪುತ್ತದೆ, A ಸರಿ ಇದೆ ಅಂದಿದ್ದೀರಿ. ಬೋರ್ಡಿನ ಸಂಪರ್ಕ ಸಡಿಲವೋ, ಐಸಿಯ ಆ ಕಾಲಿನ ಕರೆಂಟೇ ಜಾಸ್ತಿಯೋ, ಇಲ್ಲಿಂದ ಹೇಳಲಾಗದು. ಈಗಿರುವ ಜೋಡಣೆ ಬದಲಿಸುವ ಮೊದಲು ಎರಡೂ ಸ್ವಿಚ್ ಆಫ್ ಇಟ್ಟು, 86ರ 1 ಮತ್ತು 2ನೇ ಕಾಲಿನ ವೋಲ್ಟೇಜನ್ನು ಗ್ರೌಂಡಿಗೆ ಹೋಲಿಸಿ ಮಲ್ಟಿಮೀಟರ್‌ನಲ್ಲಿ ಅಳೆದು ಇಲ್ಲಿ ಹಾಕಿ.